ವರ್ಷದ ರೊಕ್ಕವೋ, ತಿಂಗಳ ರೊಕ್ಕವೋ: ಗುರುಮಠಕಲ್‌ನ ಒಂದು ಅಂಗಡಿ ಲೆಕ್ಕ

ಗುರುಮಠಕಲ್ ಸೀಮೆಯಲ್ಲಿ ರೊಕ್ಕ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ, ಬೆಳೆಯ ಲೆಕ್ಕದಲ್ಲಿ ಬರುತ್ತದೆ. ಹೆಸರು ಕಿತ್ತಾಗ ಒಂದಿಷ್ಟು, ಹತ್ತಿ ಬಿಡಿಸಲು ಶುರುವಾದ ಮೇಲೆ ಇನ್ನೊಂದಿಷ್ಟು, ಸಂಕ್ರಾಂತಿಯ ಆಸುಪಾಸು ತೊಗರಿ ರಾಶಿಯಾದ ಮೇಲೆ ಉಳಿದದ್ದು. ರೈತನ ಕೈಗೆ ಹೀಗೆ ಬಂದ ರೊಕ್ಕವೇ ಊರಿನ ಬೀಜ-ಗೊಬ್ಬರದ ಅಂಗಡಿಗೂ, ಕಿರಾಣಿಗೂ, ಬಟ್ಟೆ ಅಂಗಡಿಗೂ ಇಳಿಯುತ್ತದೆ. ಆದರೆ ಆ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟ ಕಂಪನಿ ಇರುವುದು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ. ಅದಕ್ಕೆ ಮುಂಗಾರಿ ಗೊತ್ತಿಲ್ಲ, ತಿಂಗಳ ತಾರೀಖು ಮಾತ್ರ ಗೊತ್ತು. ವರ್ಷದ ರೊಕ್ಕ ಒಮ್ಮೆಲೇ ಕಟ್ಟಬೇಕೋ, ತಿಂಗಳು ತಿಂಗಳು ಕಟ್ಟಬೇಕೋ ಎಂಬ ಪ್ರಶ್ನೆ ಇಲ್ಲಿ ಬೆಂಗಳೂರಿನ ಅಂಗಡಿಗಿಂತ ಬೇರೆ ರೂಪ ಪಡೆಯುವುದು ಈ ಕಾರಣಕ್ಕೆ.

ಕಂಪನಿಯ ಏಜೆಂಟರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ವರ್ಷದ್ದು ತಗೊಂಡರೆ ಎರಡು ತಿಂಗಳು ಪುಕ್ಕಟೆ. ಆ ಎರಡು ತಿಂಗಳ ಬದಲಿಗೆ ಅಂಗಡಿಯವರು ಏನು ಕೊಡುತ್ತಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಅವರು ಕೊಡುವುದು ನಡುವೆ ಬಿಟ್ಟು ಹೋಗುವ ಹಕ್ಕನ್ನು. ಆ ಹಕ್ಕಿಗೆ ಬೆಲೆ ಇದೆ. ಜಗತ್ತಿನ ದೊಡ್ಡ ಕಂಪನಿಗಳು ಅದನ್ನು ಬಹಿರಂಗವಾಗಿಯೇ ಕಟ್ಟಿವೆ. ವ್ಯಾಪಾರಿಗಳಿಗೆ ಮಾರುವ ಆಫೀಸ್ ಸಾಫ್ಟ್‌ವೇರಿಗೆ ಮೈಕ್ರೋಸಾಫ್ಟ್ 2022ರಲ್ಲಿ ಹೊಸ ಪದ್ಧತಿ ತಂದಾಗ, ವರ್ಷದ ಕರಾರಿಗಿಂತ ತಿಂಗಳ ಕರಾರಿನ ದರವನ್ನು ಶೇ 20ರಷ್ಟು ಹೆಚ್ಚಿಟ್ಟಿತು. ಆ ಪದ್ಧತಿಯಲ್ಲಿ ಮೊದಲ ಏಳು ದಿನದೊಳಗೆ ರದ್ದು ಮಾಡಿದರೆ ರೊಕ್ಕ ವಾಪಸು ಬರುತ್ತದೆ. ಅದು ದಾಟಿದರೆ ಕರಾರಿನ ಅವಧಿ ಮುಗಿಯುವವರೆಗೆ ಕಟ್ಟಿದ್ದು ಕಟ್ಟಿದಂತೆ. ಏಜೆಂಟರು ಹೇಳುವ ಪುಕ್ಕಟೆ ಎರಡು ತಿಂಗಳೂ ಇದೇ ಬೆಲೆಯ ಇನ್ನೊಂದು ರೂಪ.

ಈಗ ಒಂದು ಅಂಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಗುರುಮಠಕಲ್ ಬಜಾರಿನಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕ ಮಾರುವ ಸಣ್ಣ ಅಂಗಡಿ. ಮಾಲೀಕರು, ಅವರ ಮಗ, ಒಬ್ಬ ಹುಡುಗ. ಸಬ್ಸಿಡಿ ಗೊಬ್ಬರ ಮಾರಲು ಸರ್ಕಾರದ ಪಿಒಎಸ್ ಯಂತ್ರ ಇದ್ದೇ ಇದೆ. ರೈತರು ಆಧಾರ್ ಕೊಟ್ಟು ಬೆರಳಿಟ್ಟರೆ ಅದರಲ್ಲಿ ಚೀಟಿ ಬರುತ್ತದೆ. ಬೀಜ ಮತ್ತು ಔಷಧಿಯ ಬಿಲ್ಲು, ಅದಕ್ಕಿಂತ ಮುಖ್ಯವಾಗಿ ಯಾವ ಊರಿನ ಯಾರ ಮೇಲೆ ಎಷ್ಟು ಉದ್ರಿ ಇದೆ ಎಂಬ ಖಾತೆ, ಆ ಯಂತ್ರದಲ್ಲಿ ಇರುವುದಿಲ್ಲ. ಅದಕ್ಕೇ ಸಾಫ್ಟ್‌ವೇರ್ ಬೇಕಾಗುವುದು. ದರವನ್ನು ಲೆಕ್ಕಕ್ಕೆ ಸುಲಭವಾಗುವಂತೆ ಹೀಗೆ ಹಿಡಿಯೋಣ: ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ 5,000. ಜಿಎಸ್‌ಟಿ ಇದರ ಮೇಲೆ ಶೇ 18. ಅಂಗಡಿ ಸಾಮಾನ್ಯ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಆ ತೆರಿಗೆ ಹೂಡುವಳಿ ತೆರಿಗೆಯಾಗಿ ಜಮೆಯಾಗುತ್ತದೆ, ಕಾಂಪೋಸಿಷನ್‌ನಲ್ಲಿದ್ದರೆ ಅದೂ ಖರ್ಚೇ. ಎರಡು ಪದ್ಧತಿಗೂ ತೆರಿಗೆ ದರ ಒಂದೇ ಆದ್ದರಿಂದ ಇಲ್ಲಿ ಅದನ್ನು ಬಿಟ್ಟು ಲೆಕ್ಕ ಹಾಕುತ್ತೇನೆ.

ವರ್ಷದ ದರವನ್ನು ತಿಂಗಳ ದರದಿಂದ ಭಾಗಿಸಿದರೆ ಹತ್ತು ಬರುತ್ತದೆ. ಹತ್ತು ತಿಂಗಳಿಗಿಂತ ಕಡಿಮೆ ಬಳಸುವ ಅಂಗಡಿಗೆ ತಿಂಗಳ ಪದ್ಧತಿ ಅಗ್ಗ, ಹತ್ತಕ್ಕಿಂತ ಹೆಚ್ಚು ಬಳಸುವ ಅಂಗಡಿಗೆ ವರ್ಷದ್ದು ಅಗ್ಗ. ಉಳಿದ ಪ್ರಶ್ನೆ ಒಂದೇ: ಈ ಅಂಗಡಿ ನಿಜವಾಗಿ ಎಷ್ಟು ತಿಂಗಳು ಬಳಸುತ್ತದೆ?

ಬಹಳ ಮಂದಿ ಮಾರಾಟದ ತಿಂಗಳನ್ನಷ್ಟೇ ಎಣಿಸುತ್ತಾರೆ. ಮಿರುಗ ಮಳೆಯ ಹೊತ್ತಿಗೆ ಬೀಜ, ಆಮೇಲೆ ಯೂರಿಯಾ, ಆಮೇಲೆ ಹತ್ತಿಗೆ, ತೊಗರಿಗೆ ಔಷಧಿ. ಜೂನ್‌ನಿಂದ ಅಕ್ಟೋಬರ್ ಅಂದರೆ ಐದು ತಿಂಗಳು. ಆ ಲೆಕ್ಕದಲ್ಲಿ 2,500 ರೂಪಾಯಿಗೆ ಕೆಲಸ ಮುಗಿಯಬೇಕು. ಆದರೆ ನಮ್ಮ ಕಡೆ ಅಂಗಡಿ ನಡೆಯುವುದು ಉದ್ರಿಯ ಮೇಲೆ. ಜೂನ್‌ನಲ್ಲಿ ಒಯ್ದ ಬೀಜದ ಬಾಕಿ ತೊಗರಿ ಮಾರಿದ ಮೇಲೆ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮಾರಾಟ ಕಡಿಮೆ, ಆದರೆ ಖಾತೆ ತೆಗೆದು ನೋಡುವ ಕೆಲಸ ಆಗಲೇ ಹೆಚ್ಚು. ರೈತರು ಎದುರಿಗೆ ನಿಂತು “ನನ್ನ ಲೆಕ್ಕ ಎಷ್ಟದ ನೋಡ್ರಿ ಸಾವಕಾರ್ರ” ಎಂದಾಗ ಪರದೆಯ ಮೇಲೆ ಲೆಕ್ಕ ಬರಲೇಬೇಕು. ಹಾಗಾಗಿ ಬಳಕೆಯ ತಿಂಗಳು ಐದಲ್ಲ, ಒಂಬತ್ತು. ನಿಜವಾಗಿ ಖಾಲಿ ಇರುವುದು ಮಾರ್ಚ್, ಏಪ್ರಿಲ್, ಮೇ.

ಒಂಬತ್ತು ತಿಂಗಳಿಗೆ 4,500, ವರ್ಷದ್ದು 5,000. ತಿಂಗಳ ಪದ್ಧತಿ ಈಗಲೂ ಅಗ್ಗವೇ, ಆದರೆ ಉಳಿತಾಯ 500ಕ್ಕೆ ಇಳಿಯಿತು. ದೀಪಾವಳಿಗೆ ಬರುವ ಆಫರಿನಲ್ಲಿ ವರ್ಷದ ದರ 3,500ಕ್ಕೆ ಇಳಿದಿದ್ದರೆ ಆಗ ಭಾಗಾಕಾರಕ್ಕೆ ಏಳು ಬರುತ್ತದೆ, ಒಂಬತ್ತು ತಿಂಗಳು ಬಳಸುವ ಅಂಗಡಿಗೆ ವರ್ಷದ್ದೇ ಸಾವಿರ ರೂಪಾಯಿ ಲಾಭ. ಪುಕ್ಕಟೆ ತಿಂಗಳು ಎಷ್ಟು ಎನ್ನುವುದಕ್ಕಿಂತ ಈ ಭಾಗಾಕಾರ ಮಾಡಿ, ಬಂದ ಸಂಖ್ಯೆಯನ್ನು ನಿಮ್ಮ ಖಾತೆಯ ತಿಂಗಳುಗಳ ಜೊತೆ ಇಟ್ಟು ನೋಡುವುದು ಹೆಚ್ಚು ನಿಜ ಹೇಳುತ್ತದೆ.

ಇದು ಎಲ್ಲವೂ ಸರಿಯಾಗಿ ನಡೆದಾಗಿನ ಲೆಕ್ಕ. ಸರಿಯಾಗದೆ ಹೋದಾಗ ಏನು? ಜೂನ್ ಒಂದಕ್ಕೆ ಶುರು ಮಾಡಿದ ಸಾಫ್ಟ್‌ವೇರ್ ಸೆಪ್ಟೆಂಬರ್ ಹೊತ್ತಿಗೆ ಬೇಡ ಅನಿಸಿತು ಎನ್ನಿ. ನೆಟ್‌ವರ್ಕ್ ಹೋದಾಗ ಬಿಲ್ಲು ಆಗುವುದಿಲ್ಲ, ಕನ್ನಡದಲ್ಲಿ ಹೆಸರು ಮುದ್ರಣವಾಗುವುದಿಲ್ಲ, ಒಂದೇ ಔಷಧಿಯ ಬೇರೆ ಬೇರೆ ಬ್ಯಾಚ್ ಮತ್ತು ಅವಧಿ ಮುಗಿಯುವ ದಿನಾಂಕ ಹಿಡಿಯಲು ಅದಕ್ಕೆ ಬರುವುದಿಲ್ಲ. ಇಂಥ ದೋಷಗಳು ಅಂಗಡಿಯಲ್ಲಿ ಡೆಮೊ ತೋರಿಸಿದ ದಿನ ಕಾಣುವುದಿಲ್ಲ, ಜುಲೈ ತಿಂಗಳ ಗದ್ದಲದಲ್ಲಿ ಕಾಣುತ್ತವೆ. ನಾಲ್ಕು ತಿಂಗಳು ಬಳಸಿ ಬಿಡುವ ಈ ಅಂಗಡಿಗೆ ತಿಂಗಳ ಪದ್ಧತಿಯಲ್ಲಿ ಆದ ಒಟ್ಟು ಖರ್ಚು 2,000. ವರ್ಷದ ಪದ್ಧತಿಯಲ್ಲಿ 5,000 ಹೋಯಿತು.

ಇಲ್ಲಿಯೇ ‘ರದ್ದು’ ಎನ್ನುವುದು ಎರಡು ಕಡೆ ಎರಡು ಬೇರೆ ಕೆಲಸ ಮಾಡುತ್ತದೆ. ತಿಂಗಳ ಪದ್ಧತಿಯಲ್ಲಿ ರದ್ದು ಮಾಡಿದರೆ, ಈಗಾಗಲೇ ಕಟ್ಟಿದ ತಿಂಗಳು ಮುಗಿಯುವವರೆಗೆ ಸೇವೆ ಇರುತ್ತದೆ, ಮುಂದಿನ ತಿಂಗಳ ರೊಕ್ಕ ಕಡಿತವಾಗುವುದಿಲ್ಲ. ಕಳೆದುಕೊಳ್ಳುವುದು ಹೆಚ್ಚೆಂದರೆ ಕೆಲವು ದಿನ. ವರ್ಷದ್ದನ್ನು ಮುಂಗಡ ಕಟ್ಟಿದವರು ಅದೇ ಗುಂಡಿ ಒತ್ತಿದರೆ ಆಗುವುದು ಸಾಮಾನ್ಯವಾಗಿ ಇಷ್ಟೇ: ಮುಂದಿನ ವರ್ಷ ನವೀಕರಣವಾಗುವುದಿಲ್ಲ. ಈ ವರ್ಷದ ರೊಕ್ಕ ವಾಪಸು ಬರುವುದಿಲ್ಲ, ಸೇವೆ ಕೊನೆಯ ದಿನದವರೆಗೆ ತೆರೆದೇ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿ ರೊಕ್ಕಕ್ಕಾಗಿ ಕಾಯುತ್ತ ಕೂತವರಿಗೆ ಕಂಪನಿ ಕೊಡುವ ಉತ್ತರ ಷರತ್ತಿನ ಕಾಗದದಲ್ಲಿ ಮೊದಲೇ ಬರೆದಿರುತ್ತದೆ.

ಕೆಲವು ಕಂಪನಿಗಳು ಉಳಿದ ತಿಂಗಳ ರೊಕ್ಕ ಕೊಡುತ್ತೇವೆ ಎನ್ನುತ್ತವೆ. ಆಗ ಕೇಳಬೇಕಾದದ್ದು, ಬಳಸಿದ ತಿಂಗಳನ್ನು ಯಾವ ದರದಲ್ಲಿ ಹಿಡಿಯುತ್ತೀರಿ ಎಂದು. 5,000ವನ್ನು ಹನ್ನೆರಡರಿಂದ ಭಾಗಿಸಿ ಎಂಟು ತಿಂಗಳದ್ದು ಕೊಟ್ಟರೆ 3,333 ರೂಪಾಯಿ ಬರುತ್ತದೆ. ‘ನೀವು ವರ್ಷ ಪೂರ್ತಿ ಮಾಡಲಿಲ್ಲ, ಆದ್ದರಿಂದ ಬಳಸಿದ ನಾಲ್ಕು ತಿಂಗಳಿಗೆ ತಿಂಗಳ ದರವೇ’ ಎಂದು 2,000 ಹಿಡಿದರೆ ಬರುವುದು 3,000. ಎರಡನೆಯದು ಅನ್ಯಾಯವೇನಲ್ಲ, ರಿಯಾಯಿತಿ ಕೊಟ್ಟದ್ದು ಪೂರ್ತಿ ವರ್ಷಕ್ಕೆ ತಾನೇ. ಆದರೆ ಯಾವುದು ಎಂಬುದು ಕೊಳ್ಳುವ ದಿನ ಗೊತ್ತಿರಬೇಕು. ಮೊದಲ ದಿನ ‘ಅಳವಡಿಕೆ’ ಎಂದು ಬೇರೆ ತೆಗೆದುಕೊಂಡ ಮೊತ್ತ ಸಾಮಾನ್ಯವಾಗಿ ಎಲ್ಲಿಯೂ ವಾಪಸಾಗುವುದಿಲ್ಲ.

ಮೂರನೆಯ ಒಂದು ಪದ್ಧತಿ ಇದೆ, ನನ್ನ ಮಟ್ಟಿಗೆ ಸಣ್ಣ ಅಂಗಡಿಗೆ ಅತ್ಯಂತ ಅಪಾಯದ್ದು ಅದೇ. ಕರಾರು ವರ್ಷದ್ದು, ಕಟ್ಟುವುದು ಮಾತ್ರ ಕಂತಿನಂತೆ ತಿಂಗಳು ತಿಂಗಳು. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 450 ಎಂದಿಟ್ಟುಕೊಳ್ಳಿ. 500ರ ಪಕ್ಕ 450 ಅಂತ ಕಂಡಾಗ ಎಲ್ಲರ ಕೈಯೂ 450ರ ಮೇಲೆ ಹೋಗುತ್ತದೆ. ನೋಡಲು ತಿಂಗಳ ಪದ್ಧತಿಯೇ. ಆದರೆ ಸೆಪ್ಟೆಂಬರ್‌ನಲ್ಲಿ ಬಿಡಲು ಹೋದರೆ ಉಳಿದ ಎಂಟು ತಿಂಗಳ 3,600 ರೂಪಾಯಿಯ ಬಾಕಿ ಎದುರಿಗೆ ಬರುತ್ತದೆ. ಅರ್ಧ ಕಟ್ಟಿ ಬಿಡಿ ಎಂಬ ಷರತ್ತಿದ್ದರೆ, ಕಟ್ಟಿದ 1,800ರ ಜೊತೆ ಇನ್ನೊಂದು 1,800 ಸೇರಿ 3,600. ಪೂರ್ತಿ ಕಟ್ಟಬೇಕೆಂದಿದ್ದರೆ 5,400, ಅಂದರೆ ಮುಂಗಡ ಕಟ್ಟಿದ್ದಕ್ಕಿಂತಲೂ ಹೆಚ್ಚು. ಅಮೆರಿಕದಲ್ಲಿ ಅಡೋಬಿ ಕಂಪನಿಯ ಮೇಲೆ ಅಲ್ಲಿನ ಸರ್ಕಾರ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿದ್ದು ಇದೇ ವಿಷಯಕ್ಕೆ. ವರ್ಷದ ಕರಾರನ್ನು ತಿಂಗಳ ಕಂತಿನಲ್ಲಿ ಮಾರಿ, ಮೊದಲ ವರ್ಷದಲ್ಲೇ ಬಿಟ್ಟವರಿಂದ ಉಳಿದ ಕಂತಿನ ಅರ್ಧದಷ್ಟು ವಸೂಲಿ ಮಾಡುವ ಷರತ್ತನ್ನು ಗಿರಾಕಿಗೆ ಸರಿಯಾಗಿ ತೋರಿಸಲಿಲ್ಲ, ರದ್ದು ಮಾಡುವ ದಾರಿಯನ್ನೂ ಕಷ್ಟ ಮಾಡಿತು ಎಂಬುದು ಆರೋಪ. ನಮ್ಮಲ್ಲಿಯೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚಂದಾದಿಂದ ಹೊರಬರುವುದನ್ನು ಕಷ್ಟ ಮಾಡುವುದನ್ನು ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಈ ಮೂರನೆಯ ಪದ್ಧತಿಯನ್ನು ಗುರುತಿಸುವುದು ಹೇಗೆ? ದರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ವಾರ್ಷಿಕ ಬದ್ಧತೆ’ ಎಂಬರ್ಥದ ಮಾತು ಇರುತ್ತದೆ. ಅದು ಕಾಣದಿದ್ದರೆ ಏಜೆಂಟರಿಗೆ ಒಂದು ಪ್ರಶ್ನೆ ಕೇಳಿ: ‘ಮೂರನೇ ತಿಂಗಳಿಗೆ ಬಿಟ್ಟರೆ ನಾನು ಒಟ್ಟು ಎಷ್ಟು ಕಟ್ಟಿರ್ತೀನಿ?’ ಮೂರು ತಿಂಗಳ ದರವಷ್ಟೇ ಎಂಬ ಉತ್ತರ ವಾಟ್ಸ್‌ಆ್ಯಪಿನಲ್ಲಿ ಬರವಣಿಗೆಯಾಗಿ ಬಂದರೆ ಅದು ನಿಜವಾದ ತಿಂಗಳ ಪದ್ಧತಿ. ಬಾಯಿಮಾತಿಗೆ ನಿಂತರೆ ಅಲ್ಲವೆಂದೇ ತಿಳಿಯಬೇಕು. ಅಂಗಡಿಯವರಿಗೆ ಬರವಣಿಗೆ ಮನೆಯ ಗಿರಾಕಿಗಿಂತ ಹೆಚ್ಚು ಬೇಕು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ತನ್ನ ‘ಗ್ರಾಹಕ’ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಗ್ರಾಹಕರ ಆಯೋಗಕ್ಕೆ ಹೋದರೆ ಕಂಪನಿ ಮೊದಲು ಎತ್ತುವ ವಾದವೇ ಅದು.

ಇನ್ನು ರೊಕ್ಕ ಕಡಿತವಾಗುವ ದಾರಿ. ಈಗ ಹೆಚ್ಚಿನ ಅಂಗಡಿಗಳು ಇದನ್ನು ಯುಪಿಐ ಆಟೋಪೇ ಅಥವಾ ಕಾರ್ಡಿನ ಮೂಲಕ ಕಟ್ಟುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೊದಲ ಸಲ ಅನುಮತಿ ಕೊಡುವಾಗ ಪಿನ್ ಅಥವಾ ಒಟಿಪಿ ಬೇಕು. ಆಮೇಲೆ ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಅದರಲ್ಲಿ ಯಾರಿಗೆ, ಎಷ್ಟು, ಯಾವ ದಿನ ಎಂಬುದು ಇರಬೇಕು. ಬೇಡವೆನ್ನುವ ಅವಕಾಶವೂ ಇರಬೇಕು. ಇಂಥ ಚಂದಾಗಳಿಗೆ 2022ರ ಜೂನ್‌ನಿಂದ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಕೇಳುವುದಿಲ್ಲ.

ಈ ಕೊನೆಯ ಮಾತು ವರ್ಷದ ಪದ್ಧತಿಗೆ ಮುಖ್ಯವಾಗುತ್ತದೆ. ತಿಂಗಳ ಪದ್ಧತಿಯಲ್ಲಿ ವರ್ಷಕ್ಕೆ ಹನ್ನೆರಡು ಸಂದೇಶ ಬರುತ್ತವೆ, ಒಂದು ತಪ್ಪಿದರೆ ಇನ್ನೊಂದು ಕಣ್ಣಿಗೆ ಬೀಳುತ್ತದೆ, ತಪ್ಪಿದ ಬೆಲೆ 500 ರೂಪಾಯಿ. ವರ್ಷದ್ದರಲ್ಲಿ ಬರುವುದು ಒಂದೇ ಸಂದೇಶ. ಅದೂ ಜೂನ್ ಮೊದಲ ವಾರ, ಅಂಗಡಿ ಮುಂದೆ ಬೀಜದ ಸಾಲು ನಿಂತಾಗ, ಮಗನ ಫೋನಿಗೆ, ನೂರು ಸಂದೇಶಗಳ ನಡುವೆ. ನೋಡದಿದ್ದರೆ ಮರುದಿನ 5,000 ಕಡಿತವಾಗಿ ಇನ್ನೊಂದು ವರ್ಷ ಕಟ್ಟಿಕೊಂಡಂತೆ. ಜೂನ್ ಅಂದರೆ ಸ್ಟಾಕಿಗೆ ರೊಕ್ಕ ಸಾಲದ ತಿಂಗಳು ಬೇರೆ. ವರ್ಷದ್ದನ್ನೇ ತೆಗೆದುಕೊಳ್ಳುವುದಾದರೆ ಆಟೋಪೇ ಇಲ್ಲದೆ ಒಂದು ಸಲಕ್ಕಷ್ಟೇ ಕಟ್ಟುವುದು ಒಳ್ಳೆಯದು. ಆಗ ಅವಧಿ ಮುಗಿದಾಗ ಸೇವೆ ತಾನೇ ನಿಲ್ಲುತ್ತದೆ, ಬೇಕೆಂದರೆ ನೀವೇ ಕಟ್ಟುತ್ತೀರಿ. ಶುರುವಿನ ದಿನವನ್ನು ಉದ್ರಿ ವಸೂಲಾಗುವ ಜನವರಿ-ಫೆಬ್ರುವರಿಗೆ ತಂದುಕೊಂಡರೆ ಪ್ರತಿ ವರ್ಷದ ತೀರ್ಮಾನ ಕೈಯಲ್ಲಿ ರೊಕ್ಕ ಇರುವಾಗ, ಪುರುಸೊತ್ತು ಇರುವಾಗ ಬರುತ್ತದೆ.

ಆಟೋಪೇ ನಿಲ್ಲಿಸಿದರೆ ಚಂದಾ ರದ್ದಾಯಿತು ಎಂಬ ನಂಬಿಕೆ ಬಹಳ ಕಡೆ ಇದೆ. ಅವು ಎರಡು ಬೇರೆ. ಫೋನಿನಲ್ಲಿ ಆಟೋಪೇ ತೆಗೆದಾಗ ನೀವು ಬ್ಯಾಂಕಿಗೆ ಹೇಳುವುದು, ಈ ಕಂಪನಿಗೆ ಇನ್ನು ರೊಕ್ಕ ಕೊಡಬೇಡ ಎಂದು. ಕಂಪನಿಯ ಜೊತೆಗಿನ ಕರಾರು ಹಾಗೇ ಉಳಿಯುತ್ತದೆ. ನಿಜವಾದ ತಿಂಗಳ ಪದ್ಧತಿಯಲ್ಲಿ ಇದರಿಂದ ತೊಂದರೆ ಕಡಿಮೆ, ರೊಕ್ಕ ಬಾರದಿದ್ದರೆ ಕಂಪನಿ ಸೇವೆ ನಿಲ್ಲಿಸಿ ಸುಮ್ಮನಾಗುತ್ತದೆ. ಕಂತಿನ ಕರಾರಿನಲ್ಲಿ ಹಾಗಲ್ಲ, ಬಾಕಿ ಬೆಳೆಯುತ್ತ ಹೋಗಿ ಒಂದು ದಿನ ವಸೂಲಿಯ ಫೋನು ಬರುತ್ತದೆ. ಹಾಗಾಗಿ ಮೊದಲು ಕಂಪನಿಗೆ ರದ್ದು ತಿಳಿಸಿ, ಒಪ್ಪಿಗೆ ಬಂದ ಮೇಲೆ ಆಟೋಪೇ ತೆಗೆಯುವುದು ಸರಿಯಾದ ಕ್ರಮ. ಕಂಪನಿ ಉತ್ತರಿಸದೆ ಮುಂದಿನ ಕಡಿತದ ಸಂದೇಶ ಬಂದುಬಿಟ್ಟರೆ ಮಾತ್ರ ಮೊದಲು ಆಟೋಪೇ.

ರದ್ದು ತಿಳಿಸುವವರು ಯಾರು ಎಂಬುದರಲ್ಲೂ ಸಣ್ಣ ಊರಿನಲ್ಲಿ ಒಂದು ತೊಡಕಿದೆ. ಯಾದಗಿರಿಯಿಂದಲೋ ಕಲಬುರಗಿಯಿಂದಲೋ ಗಡಿಯಾಚೆಯ ನಾರಾಯಣಪೇಟೆಯಿಂದಲೋ ಬಂದ ಡೀಲರ್ ತನ್ನದೇ ಮೊಬೈಲ್ ನಂಬರ್, ತನ್ನದೇ ಇಮೇಲ್ ಹಾಕಿ ಖಾತೆ ತೆರೆದುಕೊಟ್ಟು ಹೋಗಿರುತ್ತಾರೆ. ದಿನದ ಬಿಲ್ಲಿಗೆ ಅದರಿಂದ ಅಡ್ಡಿಯಿಲ್ಲ. ರದ್ದು ಮಾಡಲು ಹೋದಾಗ ಒಟಿಪಿ ಡೀಲರ್ ಫೋನಿಗೆ ಹೋಗುತ್ತದೆ. ಬಿಲ್ಲು ಡೀಲರ್ ಹೆಸರಿನಲ್ಲಿದ್ದರೆ ರೊಕ್ಕ ವಾಪಸು ಕೇಳಬೇಕಾದದ್ದೂ ಡೀಲರ್ ಬಳಿಯೇ, ಕಂಪನಿ ನಮಗೆ ಸಂಬಂಧವಿಲ್ಲ ಎನ್ನಬಹುದು. ಕೊಂಡ ದಿನವೇ ಖಾತೆಯ ಒಡೆತನದ ನಂಬರ್ ಅಂಗಡಿಯದ್ದೇ ಎಂದು ಸೆಟ್ಟಿಂಗ್ ತೆಗೆದು ನೋಡುವುದಕ್ಕೆ ಐದು ನಿಮಿಷ ಸಾಕು.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಹಳೆಯ ಲೆಕ್ಕ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2025-26ರ ಲೆಕ್ಕಕ್ಕೆ ಆ ಕೊನೆಯ ದಿನ 2026ರ ಡಿಸೆಂಬರ್ 31 ಆದರೆ, ಆ ವರ್ಷದ ಬಿಲ್ಲುಗಳು 2032ರ ಡಿಸೆಂಬರ್ 31ರವರೆಗೆ ಸಿಗುವಂತಿರಬೇಕು. ಚಂದಾ ಮುಗಿಯುವುದು ತಿಂಗಳಿಗೋ ವರ್ಷಕ್ಕೋ, ಲೆಕ್ಕದ ಹೊಣೆ ಮಾತ್ರ ಆರು ವರ್ಷದಾಚೆಗೂ ಇರುತ್ತದೆ.

ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಇರುವ ಟ್ಯಾಲಿಯಂಥ ಸಾಫ್ಟ್‌ವೇರಾದರೆ ಭಯ ಕಡಿಮೆ. ಬಾಡಿಗೆ ಲೈಸೆನ್ಸ್ ಮುಗಿದರೆ ಅದು ಎಜುಕೇಷನಲ್ ಮೋಡ್‌ಗೆ ಇಳಿಯುತ್ತದೆ. ಹೊಸ ವ್ಯವಹಾರವನ್ನು ತಿಂಗಳ ಕೆಲವೇ ತಾರೀಖುಗಳಿಗೆ ಬರೆಯಲು ಬಿಡುತ್ತದೆ, ಆದರೆ ಲೆಕ್ಕದ ಕಡತ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕಂಪನಿಯ ಸರ್ವರಿನಲ್ಲಿ ಲೆಕ್ಕ ಇಡುವ ಮೊಬೈಲ್ ಸಾಫ್ಟ್‌ವೇರಿನಲ್ಲಿ ಖಾತೆ ಮುಚ್ಚಿದ ಮೇಲೆ ಲೆಕ್ಕ ಎಷ್ಟು ದಿನ ಇರುತ್ತದೆಂಬುದು ಕಂಪನಿಯ ಮರ್ಜಿ. ಮಾರ್ಚ್‌ನಿಂದ ಮೇವರೆಗೆ ನಿಲ್ಲಿಸಿ ಜೂನ್‌ನಲ್ಲಿ ಮತ್ತೆ ಶುರು ಮಾಡುವ ನಮ್ಮ ಅಂಗಡಿಯ 500 ರೂಪಾಯಿ ಉಳಿತಾಯ ನಿಂತಿರುವುದು ಇದೇ ಉತ್ತರದ ಮೇಲೆ. ಆ ಮೂರು ತಿಂಗಳು ಲೆಕ್ಕ ಉಳಿಸಿಕೊಳ್ಳುತ್ತೇವೆ ಎಂದು ಕಂಪನಿ ಬರೆದುಕೊಟ್ಟರೆ ತಿಂಗಳ ಪದ್ಧತಿಯೇ ಇರಲಿ. ಕೊಡದಿದ್ದರೆ 500 ರೂಪಾಯಿಗಾಗಿ ಇಡೀ ಊರಿನ ಉದ್ರಿ ಖಾತೆಯನ್ನು ಪಣಕ್ಕಿಡುವುದು ಬೇಡ. ಆ ಮೂರು ತಿಂಗಳಿಗೂ ಕಟ್ಟುವುದಾದರೆ ಹನ್ನೆರಡು ತಿಂಗಳಿಗೆ 6,000 ಆಗುತ್ತದೆ, ಆಗ ವರ್ಷದ್ದೇ ಅಗ್ಗ.

ಮೊದಲ ವರ್ಷಕ್ಕಂತೂ ನನ್ನ ಸಲಹೆ ತಿಂಗಳದ್ದೇ. ಒಂದು ಮುಂಗಾರಿ, ಒಂದು ತೊಗರಿ ಸುಗ್ಗಿ ಎರಡನ್ನೂ ದಾಟಿಸಿದ ಸಾಫ್ಟ್‌ವೇರಿಗೆ ಎರಡನೇ ವರ್ಷ ಒಮ್ಮೆಲೇ ರೊಕ್ಕ ಕಟ್ಟಬಹುದು. ಬಿಡುವುದೇ ಆದರೆ ಮೊದಲು ಗಿರಾಕಿಗಳ ಖಾತೆ, ಮಾರಾಟದ ಬಿಲ್ಲು, ಖರೀದಿ ಬಿಲ್ಲು, ಸ್ಟಾಕು, ಈ ನಾಲ್ಕನ್ನೂ ಎಕ್ಸೆಲ್ ಮತ್ತು ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡು, ತೆರೆದು ನೋಡಿ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಲೆಕ್ಕಿಗರ ಬಳಿ ಒಂದು ಪ್ರತಿ ಇಡಬೇಕು. ಅದಾದ ಮೇಲೆ ಕಂಪನಿಗೂ ಡೀಲರಿಗೂ ಒಂದೇ ಇಮೇಲ್: ‘ಇಂಥ ನಂಬರಿನ ನಮ್ಮ ಚಂದಾವನ್ನು ಈ ಬಿಲ್ಲಿನ ಅವಧಿಯ ಕೊನೆಯ ದಿನದಿಂದ ರದ್ದು ಮಾಡಿ. ಮುಂದೆ ನವೀಕರಣ ಬೇಡ. ನಮ್ಮಿಂದ ಬರಬೇಕಾದ ಬಾಕಿ ಇದ್ದರೆ ಮೊತ್ತ ತಿಳಿಸಿ, ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಿ. ವಾಪಸು ಕೊಡುವ ಮೊತ್ತವಿದ್ದರೆ ಕ್ರೆಡಿಟ್ ನೋಟ್ ಸಹಿತ ಕಳಿಸಿ.’ ಕ್ರೆಡಿಟ್ ನೋಟ್ ಕೇಳುವುದು ಏಕೆಂದರೆ, ಸಾಮಾನ್ಯ ನೋಂದಣಿಯ ಅಂಗಡಿ ಮೊದಲು ಪಡೆದ ತೆರಿಗೆ ಜಮೆಯಲ್ಲಿ ವಾಪಸು ಬಂದ ಭಾಗವನ್ನು ಕಳೆದು ತೋರಿಸಬೇಕಾಗುತ್ತದೆ. ‘ಬಾಕಿ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಮುದ್ರಿಸಿ, ಆ ವರ್ಷದ ಖರೀದಿ ಬಿಲ್ಲುಗಳ ಕಡತಕ್ಕೇ ಸೇರಿಸಿಡಿ.